ಹನ್ನೆರಡನೆಯ ಸಾಲಿಗೆ ಮೊದಲೇ ಮುಗಿದ ಪ್ರಸಂಗ

ಜಾನ್ ನ್ಯೂಟನ್ ‘ಅಮೇಜಿಂಗ್ ಗ್ರೇಸ್’ ಬರೆದದ್ದು ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅಲ್ಲ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಓಲ್ನಿ ಎಂಬ ಸಣ್ಣ ಊರಿದೆ. ಅಲ್ಲಿ ಲೇಸು ಹೆಣೆದು ಬದುಕುವ ಬಡವರೇ ಹೆಚ್ಚಾಗಿದ್ದ ಸಭೆಗೆ ಅವನು ಪಾದ್ರಿಯಾಗಿದ್ದ. 1773ರ ಜನವರಿ 1ರಂದು ಅವನು ಮಾಡಿದ ಹೊಸ ವರ್ಷದ ಪ್ರಸಂಗಕ್ಕೆಂದು ಹುಟ್ಟಿದ ಹಾಡು ಇದು. ಆಗ ಅವನಿಗೆ 47 ವರ್ಷ. ಬಿರುಗಾಳಿಯಲ್ಲಿ ಬದುಕಿ ಬಂದು ಹತ್ತಿರಹತ್ತಿರ 25 ವರ್ಷ ಕಳೆದಿತ್ತು.

ಇಷ್ಟನ್ನು ತಿಳಿದುಕೊಳ್ಳದೆಯೇ ನಾನು ಆ ಹಾಡಿನ ಮೇಲೆ ಪ್ರಸಂಗ ಮಾಡಿದ್ದೆ. ಮಾಡಿದ್ದೆ ಅಂದರೆ ಏನು, ನ್ಯೂಟನ್ನನನ್ನು ಹಡಗಿನ ಅಟ್ಟದ ಮೇಲೆ ಮೊಣಕಾಲೂರಿಸಿ, ಅಲೆಗಳ ನಡುವೆ ಕಾಗದ ಕೊಟ್ಟು ಬರೆಸಿಬಿಟ್ಟಿದ್ದೆ. ಬಿರುಗಾಳಿ ನಿಂತಿತು, ಗುಲಾಮರ ಸಂಕೋಲೆ ಕಳಚಿತು, ಹಡಗು ತಿರುಗಿತು, ಹಾಡು ಹುಟ್ಟಿತು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಪ್ರಸಂಗಪೀಠದಿಂದ ಇಳಿಯುವಾಗ ನನಗೂ ಸ್ವಲ್ಪ ಹೆಮ್ಮೆಯೇ ಆಗಿತ್ತು.

ನಮ್ಮ ಸಭೆಯ ಕ್ವಾಯರಿನಲ್ಲಿ ಹಾಡುವ ಒಬ್ಬ ನಿವೃತ್ತ ಕನ್ನಡ ಟೀಚರಮ್ಮ ಇದ್ದಾರೆ. ಆರಾಧನೆ ಮುಗಿದ ಮೇಲೆ ಕೈ ಕೊಟ್ಟು, “ಕಥೆ ಚೆನ್ನಾಗಿ ಹೇಳಿದಿರಿ ಅಯ್ಯನವರೇ” ಅಂದರು. ಆಮೇಲೆ, “ಒಂದು ಸಂಶಯ. ಹಾಡಿನ ಉದ್ದಕ್ಕೂ ‘ನಾನು’, ‘ನನ್ನ’, ‘ನನಗೆ’ ಅಂತಲೇ ಇದೆ. ಕೊನೇ ಚರಣಕ್ಕೆ ಬಂದರೆ ಇದ್ದಕ್ಕಿದ್ದಂತೆ ‘ನಾವು’ ಆಗುತ್ತಲ್ಲ, ಯಾಕೆ?” ಎಂದು ಕೇಳಿದರು.

“ಕೊನೆಯಲ್ಲಿ ಭಕ್ತ ಸಭೆಯೊಂದಿಗೆ ಒಂದಾಗುತ್ತಾನೆ ಅಮ್ಮ” ಎಂದು ಅಲ್ಲೇ ಒಂದು ಉತ್ತರ ಹೊಸೆದು ಕೊಟ್ಟೆ. ಕೇಳಲು ಚೆಂದವಾಗಿದ್ದ ಆ ಉತ್ತರ ಶುದ್ಧ ಸುಳ್ಳಾಗಿತ್ತು.

ಮನೆಗೆ ಬಂದು ಹಾಡಿನ ಮೂಲ ಪಾಠವನ್ನು ಹುಡುಕಿ ತೆಗೆದೆ. ಅದು ಮೊದಲು ಅಚ್ಚಾದದ್ದು 1779ರಲ್ಲಿ, ‘ಓಲ್ನಿ ಹಿಮ್ಸ್’ ಎಂಬ ಸಂಕಲನದಲ್ಲಿ. ನ್ಯೂಟನ್ ಮತ್ತು ಅವನ ಗೆಳೆಯ, ಕವಿ ವಿಲಿಯಂ ಕೂಪರ್ ಸೇರಿ ಬರೆದ 348 ಹಾಡುಗಳ ಪುಸ್ತಕ ಅದು. ಮೂರು ಭಾಗಗಳಿವೆ. ಮೊದಲ ಭಾಗದ ಹಾಡುಗಳನ್ನು ಸತ್ಯವೇದದ ಪುಸ್ತಕಗಳ ಕ್ರಮದಲ್ಲೇ ಜೋಡಿಸಲಾಗಿದೆ. ಪ್ರತಿ ಹಾಡಿನ ತಲೆಯ ಮೇಲೆ ಅದು ಯಾವ ವಾಕ್ಯದ ಮೇಲೆ ಹುಟ್ಟಿತೆಂಬ ಸೂಚನೆಯಿದೆ. ‘ಅಮೇಜಿಂಗ್ ಗ್ರೇಸ್’ ಅಲ್ಲಿ 41ನೆಯದು. ಅದಕ್ಕೆ ಆ ಹೆಸರೇ ಇಲ್ಲ. ನಂಬಿಕೆಯು ಹಿಂದಿನದನ್ನು ನೋಡಿಕೊಂಡು ಮುಂದಿನದನ್ನು ಎದುರುನೋಡುವುದು ಎಂಬ ಅರ್ಥದ ತಲೆಬರಹವಿದೆ. ಆಧಾರವಾಕ್ಯ ಒಂದನೆಯ ಪೂರ್ವಕಾಲವೃತ್ತಾಂತದ 17ನೆಯ ಅಧ್ಯಾಯ, 16 ಮತ್ತು 17ನೆಯ ವಚನಗಳು.

ಹಾಡಿನಲ್ಲಿ ಆರು ಚರಣಗಳಿದ್ದವು. ಸ್ವರ್ಗದಲ್ಲಿ ಸಾವಿರಾರು ವರ್ಷ ಸೂರ್ಯನಂತೆ ಹೊಳೆಯುತ್ತ ಹಾಡುವುದನ್ನು ಹೇಳುವ, ನಾನು ಪ್ರಸಂಗದ ಶಿಖರವೆಂದು ಏರಿ ನಿಂತಿದ್ದ ಆ ಕೊನೆಯ ಚರಣ ಆ ಆರರಲ್ಲಿ ಇರಲಿಲ್ಲ. ಅದು ನ್ಯೂಟನ್ನನದೇ ಅಲ್ಲ. ಬೇರೆ ಯಾವುದೋ ಹಾಡಿನಿಂದ ಕಳಚಿ ಬಂದು ಅಮೆರಿಕದ ಜನರ ಬಾಯಲ್ಲಿ ಅಲೆದಾಡುತ್ತಿದ್ದ ಚರಣ. 1852ರಲ್ಲಿ ಬಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಟಾಮ್ ಈ ಹಾಡನ್ನು ಹಾಡಿಕೊಳ್ಳುವಾಗ ಅದನ್ನೂ ಸೇರಿಸಿ ಹಾಡುತ್ತಾನೆ. 1910ರ ಸುಮಾರಿಗೆ ಎಡ್ವಿನ್ ಎಕ್ಸೆಲ್ ಎಂಬ ಪ್ರಕಾಶಕ ನ್ಯೂಟನ್ನನ ಮೊದಲ ಮೂರು ಚರಣಗಳ ಹಿಂದೆ ಇದನ್ನು ಅಂಟಿಸಿ ಅಚ್ಚುಮಾಡಿದ. ಆ ರೂಪವೇ ಲೋಕವನ್ನೆಲ್ಲ ಸುತ್ತಿತು. ನಮ್ಮ ಊರಿನ ಪ್ರೊಜೆಕ್ಟರಿಗೂ ಬಂತು. ಟೀಚರಮ್ಮನವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಆರೂ ಚರಣಗಳಲ್ಲಿ ನ್ಯೂಟನ್ ಒಮ್ಮೆಯೂ ಬಹುವಚನ ಬಳಸಿಲ್ಲ. ಸರ್ವನಾಮ ಬದಲಾಯಿತೆಂದರೆ ಕೈ ಬದಲಾಗಿದೆ ಎಂದು ಸಂಶಯಪಡಬೇಕು. ಪಾಠ ನೋಡುವವರಿಗೆ ಇದು ಮೊದಲ ಸುಳಿವು, ನನಗೆ ಅದು ಕಂಡಿರಲಿಲ್ಲ.

ಇನ್ನೂ ಒಂದು ಸುಳಿವಿತ್ತು. ನ್ಯೂಟನ್ನನ ಆರನೆಯ ಚರಣದಲ್ಲಿ ಭೂಮಿ ಹಿಮದಂತೆ ಕರಗಿಹೋಗುತ್ತದೆ, ಸೂರ್ಯ ಬೆಳಗುವುದನ್ನು ನಿಲ್ಲಿಸುತ್ತಾನೆ. ಅಂಟಿಸಿದ ಚರಣದಲ್ಲಿ ಭಕ್ತರು ಸೂರ್ಯನಂತೆ ಹೊಳೆಯುತ್ತಾರೆ. ಒಂದರಲ್ಲಿ ಆರುವ ಸೂರ್ಯ ಇನ್ನೊಂದರಲ್ಲಿ ಉಪಮಾನ. ಎರಡೂ ಒಂದೇ ಹಾಡಿನ ಕೊನೆಯಾಗಲು ಸಾಧ್ಯವಿಲ್ಲ.

ಇನ್ನು ನಾನು ಕಣ್ಣೀರು ತರಿಸಿದ ಹಡಗಿನ ಕಥೆ. ಬಿರುಗಾಳಿ ನಿಜ. 1748ರ ಮಾರ್ಚಿನಲ್ಲಿ ‘ಗ್ರೇಹೌಂಡ್’ ಎಂಬ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗುವಂತಾಗಿತ್ತು, ನ್ಯೂಟನ್ ದೇವರನ್ನು ಕೂಗಿದ್ದೂ ಹೌದು. ಆದರೆ ಅವನು ಗುಲಾಮರ ವ್ಯಾಪಾರದಲ್ಲಿ ನಾಯಕನಾಗಿ ಮೇಲೇರಿದ್ದು ಅದಾದ ಮೇಲೆ. ‘ಡ್ಯೂಕ್ ಆಫ್ ಆರ್ಗೈಲ್’, ಆಮೇಲೆ ‘ಆಫ್ರಿಕನ್’ ಎಂಬ ಹಡಗುಗಳಿಗೆ ಕಪ್ತಾನನಾಗಿ, ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಕೊಂಡು ಸಾಗಿಸಿದ. 1754ರಲ್ಲಿ ಸಮುದ್ರ ಬಿಟ್ಟದ್ದು ಕಾಯಿಲೆಯಿಂದ, ಮನಸ್ಸಾಕ್ಷಿಯಿಂದಲ್ಲ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು ಬಹಿರಂಗವಾಗಿ ತಪ್ಪೊಪ್ಪಿಕೊಂಡದ್ದು 1788ರಲ್ಲಿ. ಆ ಒಪ್ಪಿಗೆ ತಡವಾಯಿತೆಂದು ಅವನೇ ಅಲ್ಲಿ ಬರೆದಿದ್ದಾನೆ. ಲೆಕ್ಕ ಹಾಕಿ ನೋಡಿ: ಹಾಡು ಬರೆದು 15 ವರ್ಷವಾದ ಮೇಲೆ. ಹಾಡಿನಲ್ಲಾದರೂ ಸಮುದ್ರವಿದೆಯೇ? ಇಲ್ಲ. ಹಡಗು, ಅಲೆ, ಗಾಳಿ, ಸಂಕೋಲೆ, ಒಂದೂ ಇಲ್ಲ. ಮೂರನೆಯ ಚರಣದಲ್ಲಿ ಅಪಾಯಗಳು ಮತ್ತು ಉರುಲುಗಳು ಎಂದಿದೆ, ಅಷ್ಟೆ. ಉರುಲು ಕಾಡಿನ ವಸ್ತು, ಕಡಲಿನದಲ್ಲ. ಹಾಡಿನಲ್ಲಿಲ್ಲದ ಕಡಲನ್ನು ನಾನು ಪ್ರಸಂಗದ ತುಂಬ ತುಂಬಿಸಿದ್ದೆ.

ಕರ್ತೃವಿನ ಜೀವನ ಚರಿತ್ರೆ ಪ್ರಸಂಗಕಾರನಿಗೆ ಸುಲಭವಾಗಿ ಸಿಗುವ ಸರಕು. ಅದಕ್ಕೆ ಆರಂಭ, ಸಂಕಟ, ಬಿಡುಗಡೆ ಎಲ್ಲ ಇರುತ್ತದೆ. ಹಾಡಿನ ಪಾಠ ಓದದೆಯೂ ಇಪ್ಪತ್ತು ನಿಮಿಷ ಮಾತಾಡಬಹುದು. ಆದರೆ ಆ ಪ್ರಸಂಗ ಕೇಳಿದವರು ಮುಂದಿನ ವಾರ ಹಾಡನ್ನು ಹಾಡುವಾಗ ನೆನೆಯುವುದು ನ್ಯೂಟನ್ನನನ್ನು. ಹಾಡು ಏನು ಹೇಳುತ್ತದೆ ಎಂಬುದು ಹಿಂದೆ ಹೇಗಿತ್ತೋ ಹಾಗೆಯೇ ಉಳಿಯುತ್ತದೆ.

ಸರಿ, ತಪ್ಪು ತಿದ್ದಿಕೊಳ್ಳೋಣವೆಂದು ಕೂತೆ. ಆ ವರ್ಷದ ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಅದೇ ಹಾಡನ್ನು ಆರಿಸಿಕೊಂಡೆ. ಹೊಸ ವರ್ಷಕ್ಕೆಂದೇ ಹುಟ್ಟಿದ ಹಾಡಲ್ಲವೇ. ಈ ಸಲ ಕಥೆ ಬೇಡ, ಸಾಲು ಸಾಲಾಗಿ ಪಾಠವನ್ನೇ ಬಿಡಿಸಬೇಕು ಎಂದು ಹಟ ಹಿಡಿದೆ. ಆರು ಚರಣ, ಚರಣಕ್ಕೆ ನಾಲ್ಕು ಸಾಲು, ಒಟ್ಟು 24 ಸಾಲು. ಒಂದೊಂದು ಸಾಲಿಗೂ ಒಂದು ವಾಕ್ಯಭಾಗ ಹುಡುಕಿದೆ. ಹುಡುಕುವುದು ಕಷ್ಟವೇನಲ್ಲ, ನ್ಯೂಟನ್ನನ ಪದಗಳೆಲ್ಲ ಸತ್ಯವೇದದಿಂದಲೇ ಬಂದವು. ಮೊದಲ ಚರಣದಲ್ಲಿ ಕಳೆದುಹೋಗಿ ಸಿಕ್ಕಿದವನು ಲೂಕ 15ನೆಯ ಅಧ್ಯಾಯದ ದುಂದುಗಾರ ಮಗ. ಕುರುಡುತನ ಹೋಗಿ ಕಣ್ಣು ಬಂದದ್ದು ಯೋಹಾನ 9ನೆಯ ಅಧ್ಯಾಯದ ಹುಟ್ಟುಕುರುಡನ ಸಾಕ್ಷಿ. ಹೀಗೆ ಎಲ್ಲವನ್ನೂ ಕೂಡಿಸಿ, ಪುಟಗಟ್ಟಲೆ ಟಿಪ್ಪಣಿ ಹಿಡಿದು ಹೋದೆ.

ದುಂದುಗಾರ ಮಗನಿಗೇ ಹತ್ತು ನಿಮಿಷ ಹೋಯಿತು. ಕುರುಡನಿಗೆ ಇನ್ನಷ್ಟು. ಎರಡನೆಯ ಚರಣದ ಭಯದ ಮೇಲೆ ದೇವಭಯ ಯಾವುದು, ಲೋಕಭಯ ಯಾವುದು ಎಂದು ವಿಂಗಡಿಸುತ್ತ ಹೋದೆ. ಮಕ್ಕಳು ಬೆಂಚಿನ ಮೇಲೆ ಮಲಗಿದರು. ದೊಡ್ಡವರು ಗಡಿಯಾರ ನೋಡತೊಡಗಿದರು. ಡಿಸೆಂಬರ್ 31ರ ರಾತ್ರಿ ಸಭೆಗೆ ಇರುವುದು ಒಂದೇ ಗಡುವು, ಅದನ್ನು ಯಾವ ಪಾದ್ರಿಯೂ ಮುಂದೂಡಲಾರ. ಮೂರನೆಯ ಚರಣದ ಮೂರನೆಯ ಸಾಲಿನಲ್ಲಿ, ಕೃಪೆ ಇಲ್ಲಿಯವರೆಗೆ ಸುರಕ್ಷಿತವಾಗಿ ಕರೆತಂದಿದೆ ಎಂಬ ಮಾತಿನ ಮೇಲೆ ನಾನಿದ್ದಾಗ ಹನ್ನೆರಡು ಹೊಡೆಯುವ ಹೊತ್ತಾಯಿತು. ಗಂಟೆ ಬಾರಿಸುವ ಹುಡುಗ ಬಾಗಿಲ ಬಳಿಯಿಂದ ನನ್ನ ಮುಖ ನೋಡಿದ. ‘ಆಮೆನ್’ ಎಂದು ನಿಲ್ಲಿಸಿದೆ. ಗಂಟೆ ಮೊಳಗಿತು, ಎಲ್ಲರೂ ಎದ್ದು ಕೈಕುಲುಕಿದರು.

ಅಂದರೆ ಆ ರಾತ್ರಿಯ ಪ್ರಸಂಗ 11ನೆಯ ಸಾಲಿಗೆ ನಿಂತಿತು. ಹನ್ನೆರಡನೆಯ ಸಾಲಿನಲ್ಲಿ ಏನಿದೆ? ಇಲ್ಲಿಯವರೆಗೆ ತಂದ ಕೃಪೆಯೇ ಮನೆಯ ತನಕ ನಡೆಸುತ್ತದೆ ಎಂಬ ಮಾತು. ಇಡೀ ಹಾಡಿನಲ್ಲಿ ಭವಿಷ್ಯತ್ಕಾಲ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಅಲ್ಲೇ. ಹೊಸ ವರ್ಷಕ್ಕೆ ಬಂದ ಸಭೆಗೆ ನಾನು ಹಳೆಯ ವರ್ಷವನ್ನು ಮಾತ್ರ ಕೊಟ್ಟು ಕಳುಹಿಸಿದ್ದೆ.

ಈ ಎರಡನೆಯ ಸೋಲು ಮೊದಲಿನದಕ್ಕಿಂತ ಹೆಚ್ಚು ಕಲಿಸಿತು. ಏಕೆಂದರೆ ಮೊದಲನೆಯದು ಸೋಮಾರಿತನ. ಎರಡನೆಯದು ಶ್ರಮಪಟ್ಟು ಮಾಡಿದ ತಪ್ಪು. ಸಾಲು ಸಾಲಾಗಿ ಓದುವುದೆಂದರೆ ಪ್ರತಿ ಸಾಲಿಗೂ ಸಮಾನ ಸಮಯ ಕೊಡುವುದೆಂದು ನಾನು ಭಾವಿಸಿದ್ದೆ. ಗಮಕ ವ್ಯಾಖ್ಯಾನ ಕೇಳಿ ಬೆಳೆದವರಿಗೆ ಇದು ತಪ್ಪೆಂದು ಕೂಡಲೇ ಗೊತ್ತಾಗುತ್ತದೆ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿ ಹಾಡಿದಾಗ ವ್ಯಾಖ್ಯಾನಕಾರರು ಪಾದ ಪಾದಕ್ಕೆ ಬಾಯಿ ಹಾಕುವುದಿಲ್ಲ. ವಾಕ್ಯ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಕಾಯುತ್ತಾರೆ. ಅರ್ಥ ಪಾದವನ್ನು ದಾಟಿ ಹರಿಯುತ್ತದೆ ಎಂಬುದು ಅವರಿಗೆ ಗೊತ್ತು. ಯಾವ ಪದ್ಯವನ್ನು ಹಾಗೆಯೇ ದಾಟಿಸಬೇಕು, ಯಾವುದರಲ್ಲಿ ಅರ್ಧ ಗಂಟೆ ನಿಲ್ಲಬೇಕು ಎಂಬುದೂ.

ನ್ಯೂಟನ್ನನ ಛಂದಸ್ಸು ಇಂಗ್ಲಿಷಿನವರು ‘ಕಾಮನ್ ಮೀಟರ್’ ಎನ್ನುವಂಥದ್ದು. ಎಂಟು, ಆರು, ಎಂಟು, ಆರು ಅಕ್ಷರದ ಸಾಲುಗಳು. ಅಲ್ಲಿ ಎಂಟರ ಸಾಲು ಬಹುಮಟ್ಟಿಗೆ ಆರರ ಸಾಲಿಗೆ ಹೋಗಿ ಮುಗಿಯುತ್ತದೆ. ಆದ್ದರಿಂದ ಅರ್ಥದ ಘಟಕ ಸಾಲಲ್ಲ, ಜೋಡಿ. 24 ಸಾಲು ಅಂದರೆ 12 ಜೋಡಿ. ಹೀಗೆ ಎಣಿಸಿದ ಕೂಡಲೇ ಹಾಡಿನ ಕಟ್ಟಡ ಕಣ್ಣಿಗೆ ಬೀಳುತ್ತದೆ. ಮೊದಲ ಮೂರು ಚರಣ ಕಳೆದದ್ದರ ಬಗ್ಗೆ, ಕೊನೆಯ ಮೂರು ಬರುವುದರ ಬಗ್ಗೆ. ತಿರುವು ಇರುವುದು ಸರಿಯಾಗಿ ನಡುವಿನಲ್ಲಿ, ಆರನೆಯ ಜೋಡಿಯಲ್ಲಿ, ಅಂದರೆ 11 ಮತ್ತು 12ನೆಯ ಸಾಲುಗಳಲ್ಲಿ. ನಾನು ಗಂಟೆಗೆ ಹೆದರಿ ಕಡಿದದ್ದು ಬೇರೆಲ್ಲೂ ಅಲ್ಲ, ಆ ಜೋಡಿಯ ಮಧ್ಯಕ್ಕೇ.

ಈ ತಿರುವು ನ್ಯೂಟನ್ನನ ಕಲ್ಪನೆಯಲ್ಲ, ಅವನ ಆಧಾರವಾಕ್ಯದಿಂದ ಬಂದದ್ದು. ಹಾಡಿನ ತಲೆಯ ಮೇಲೆ ಬರೆದಿರುವ ಆ ಅಧ್ಯಾಯವನ್ನು ಓದದೆ ಹಾಡನ್ನು ಬಿಡಿಸಲು ಹೊರಟದ್ದೇ ನನ್ನ ನಿಜವಾದ ತಪ್ಪು. ಕಥೆ ಇಷ್ಟು. ದಾವೀದ ಅರಸನಾಗಿ, ದೇವದಾರು ಮರದ ಅರಮನೆಯಲ್ಲಿ ನೆಮ್ಮದಿಯಾಗಿದ್ದಾನೆ. ದೇವರ ಮಂಜೂಷ ಮಾತ್ರ ಇನ್ನೂ ಗುಡಾರದಲ್ಲಿದೆ. ದೇವರಿಗೆ ಒಂದು ಮನೆ ಕಟ್ಟಿಸುತ್ತೇನೆಂದು ಪ್ರವಾದಿ ನಾತಾನನಿಗೆ ಹೇಳುತ್ತಾನೆ. ಆ ರಾತ್ರಿ ನಾತಾನನ ಮೂಲಕ ಉತ್ತರ ಬರುತ್ತದೆ: ನೀನು ನನಗೆ ಕಟ್ಟುವುದು ಬೇಡ, ನಾನೇ ನಿನಗೆ ಮನೆ ಕಟ್ಟುತ್ತೇನೆ. ಕುರಿಗಳ ಹಿಂದೆ ಇದ್ದವನನ್ನು ತಂದವನು ನಾನು, ಹೋದಲ್ಲೆಲ್ಲ ಜೊತೆಗಿದ್ದವನು ನಾನು, ನಿನ್ನ ಸಂತಾನದ ಸಿಂಹಾಸನವನ್ನೂ ನಿಲ್ಲಿಸುತ್ತೇನೆ. ದಾವೀದ ಒಳಗೆ ಹೋಗಿ ದೇವರ ಮುಂದೆ ಕುಳಿತುಕೊಳ್ಳುತ್ತಾನೆ. 16ನೆಯ ವಚನದಲ್ಲಿ, ನನ್ನನ್ನು ಇಲ್ಲಿಯವರೆಗೆ ತರಲು ನಾನೆಷ್ಟರವನು ಎಂದು ಕೇಳುತ್ತಾನೆ. 17ರಲ್ಲಿ, ಅಷ್ಟೇ ಸಾಲದೆಂಬಂತೆ ಬಹುಕಾಲದ ಮುಂದಿನದನ್ನೂ ಹೇಳಿಬಿಟ್ಟೆಯಲ್ಲ ಎಂದು ಬೆರಗಾಗುತ್ತಾನೆ.

ಎರಡು ವಚನ, ಎರಡು ದಿಕ್ಕು. ‘ಇಲ್ಲಿಯವರೆಗೆ’ ಎನ್ನುವುದು ಒಂದು, ‘ಇನ್ನು ಮುಂದೆ’ ಎನ್ನುವುದು ಇನ್ನೊಂದು. ಹಾಡಿನ 11ನೆಯ ಸಾಲು 16ನೆಯ ವಚನ. 12ನೆಯ ಸಾಲು 17ನೆಯ ವಚನ. ಆ ದಿನದ ಪ್ರಸಂಗಕ್ಕೆ ನ್ಯೂಟನ್ ಮಾಡಿಕೊಂಡ ಟಿಪ್ಪಣಿ ಇಂದಿಗೂ ಉಳಿದಿದೆ, ಅದೂ ಹಿಂದಿನ ದಯೆ ಮತ್ತು ಮುಂದಿನ ನಿರೀಕ್ಷೆ ಎಂಬ ಹಾದಿಯಲ್ಲೇ ಸಾಗುತ್ತದೆ. ಹಾಡಿಗೆ ಪ್ರಸಂಗದ ಚೌಕಟ್ಟನ್ನು ನಾನು ಹೊರಗಿನಿಂದ ತರಬೇಕಾಗಿರಲಿಲ್ಲ.

ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಹಾಡನ್ನು ಮತ್ತೆ ಓದಿದರೆ ಅದು ಪಾಪಿಯೊಬ್ಬನ ಮನಪರಿವರ್ತನೆಯ ಕೂಗಿನಂತೆ ಕೇಳಿಸುವುದಿಲ್ಲ. ನೆಮ್ಮದಿಯಾಗಿ ಮನೆಯಲ್ಲಿ ಕೂತವನೊಬ್ಬ ತನ್ನ ಲೆಕ್ಕ ನೋಡಿಕೊಳ್ಳುವಂತೆ ಕೇಳಿಸುತ್ತದೆ. ಮೊದಲ ಚರಣದ ಉದ್ಗಾರ ಈಗಷ್ಟೇ ಮುಳುಗಿ ಎದ್ದವನದಲ್ಲ, ಬಹಳ ದಿನಗಳಿಂದ ದಡದಲ್ಲಿರುವವನದು. ಇದು ತಿಳಿದ ಮೇಲೆ ನನ್ನ ಪ್ರಸಂಗದ ದನಿಯೇ ಬೇರೆಯಾಯಿತು. ಕಿರುಚುವ ಅಗತ್ಯ ತಪ್ಪಿತು.

ಆಮೇಲೆ ಇನ್ನೊಂದು ಹೊಸ ವರ್ಷಕ್ಕೆ ಅದೇ ಹಾಡನ್ನು ಹಿಡಿದುಕೊಂಡೆ. ಈ ಸಲ ಮೊದಲು ಮಾಡಿದ್ದು, ಆರು ಚರಣಗಳನ್ನೂ ಕೈಯಲ್ಲಿ ಬರೆದುಕೊಂಡು ಪ್ರತಿ ವಾಕ್ಯದ ಕರ್ತೃಪದಕ್ಕೆ ಗೆರೆ ಎಳೆದದ್ದು. ಯಾರು ಏನು ಮಾಡುತ್ತಾರೆ? ಮೊದಲ ಮೂರು ಚರಣಗಳಲ್ಲಿ ಉಳಿಸುವುದು, ಕಲಿಸುವುದು, ಭಯ ನೀಗಿಸುವುದು, ಕರೆತರುವುದು, ನಡೆಸುವುದು ಎಲ್ಲವೂ ಕೃಪೆಯ ಕೆಲಸ. ‘ನಾನು’ ಕಳೆದುಹೋಗುತ್ತೇನೆ, ಕುರುಡನಾಗಿರುತ್ತೇನೆ, ನಂಬುತ್ತೇನೆ, ಅಪಾಯಗಳನ್ನು ಹಾದು ಬರುತ್ತೇನೆ. ದೇವರು ಎಂಬ ಹೆಸರು ಅಲ್ಲಿಯವರೆಗೆ ಬರುವುದೇ ಇಲ್ಲ. ನಾಲ್ಕನೆಯ ಚರಣಕ್ಕೆ ಬಂದಾಗಲೇ ‘ಕರ್ತನು’ ಮೊದಲ ಬಾರಿಗೆ ಕರ್ತೃಪದವಾಗುತ್ತಾನೆ, ಮಾತು ಕೊಡುತ್ತಾನೆ. ಕೃಪೆಯ ಹಿಂದೆ ಇದ್ದವನು ಯಾರೆಂದು ತಿರುವು ದಾಟಿದ ಮೇಲೆ ತಿಳಿಯುತ್ತದೆ. ಕೊಟ್ಟ ಮಾತು ಎಂದರೆ ನಾತಾನನ ಮೂಲಕ ದಾವೀದನಿಗೆ ಬಂದ ಮಾತನ್ನೇ ನ್ಯೂಟನ್ ತನ್ನದಾಗಿಸಿಕೊಂಡಿದ್ದಾನೆ.

(ಇಲ್ಲೊಂದು ಮಾತು. ನಾವು ಹಾಡುವ ರಾಗ ‘ನ್ಯೂ ಬ್ರಿಟನ್’ ನ್ಯೂಟನ್ನನ ಕಾಲದ್ದಲ್ಲ. ಈ ಪದಗಳಿಗೆ ಅದನ್ನು ಅಮೆರಿಕದಲ್ಲಿ ವಿಲಿಯಂ ವಾಕರ್ ಜೋಡಿಸಿದ್ದು 1835ರಲ್ಲಿ. ಅದರ ಅತಿ ಎತ್ತರದ ಸ್ವರ ಮೊದಲು ಬೀಳುವುದು ಎರಡನೆಯ ಸಾಲಿನ ಕೊನೆಗೆ. ಮೊದಲ ಚರಣದಲ್ಲಿ ಅಲ್ಲಿರುವ ಪದ ‘ನನ್ನಂಥವ’ನನ್ನು ಸೂಚಿಸುವಂಥದ್ದು. ಪಾಠ ಕೃಪೆಯನ್ನು ಎತ್ತುತ್ತಿದ್ದರೆ ರಾಗ ‘ನನ್ನ’ನ್ನು ಎತ್ತುತ್ತದೆ. ಹಾಡುತ್ತಲೇ ಬೆಳೆದವರಿಗೆ ಪಾಠ ಓದಿದಾಗ ಆಶ್ಚರ್ಯವಾಗುವುದು ಸ್ವಲ್ಪ ಇದರಿಂದಲೂ ಇರಬಹುದು. ಪ್ರಸಂಗಕ್ಕೆ ಮೊದಲು ರಾಗವಿಲ್ಲದೆ ಒಮ್ಮೆ ಗಟ್ಟಿಯಾಗಿ ಓದಿಸುವುದು ಒಳ್ಳೆಯದು.)

ಎರಡನೆಯ ಚರಣದ ಮೊದಲ ಜೋಡಿಯಲ್ಲಿ ಹಿಂದೆ ನಾನು ಎಡವಿದ್ದೆ. ಮೊದಲ ಪ್ರಸಂಗದಲ್ಲಿ ಅದರ ಅರ್ಧವನ್ನು ನುಂಗಿದ್ದೆ, ಎರಡನೆಯದರಲ್ಲಿ ಅದನ್ನು ಎಳೆದೆಳೆದು ಸವೆಸಿದ್ದೆ. ಅಲ್ಲಿರುವುದು ಸರಳ. ಹೃದಯಕ್ಕೆ ಭಯವನ್ನು ಕಲಿಸಿದ್ದೂ ಕೃಪೆಯೇ, ಆ ಭಯವನ್ನು ನೀಗಿಸಿದ್ದೂ ಕೃಪೆಯೇ. ಜನಕ್ಕೆ ಎರಡನೆಯ ಅರ್ಧ ಇಷ್ಟ. ಮೊದಲ ಅರ್ಧ ಬಿಟ್ಟರೆ ಹಾಡು ಸಿಹಿಯಾಗುತ್ತದೆ, ಸುಳ್ಳಾಗುತ್ತದೆ. ತಾನು ಮಾಡುತ್ತಿರುವುದು ಏನೆಂದು ಅರಿವಾಗಿ ಬೆಚ್ಚುವುದೂ ಕೃಪೆಯ ಕೆಲಸವೆಂದು ನ್ಯೂಟನ್ ಹೇಳುತ್ತಿದ್ದಾನೆ. ಅವನ ಜೀವನ ಚರಿತ್ರೆಗೆ ಪ್ರಸಂಗದಲ್ಲಿ ಜಾಗ ಇರುವುದಾದರೆ ಇಲ್ಲಿಯೇ, ಅದೂ ಎರಡು ಮಾತಿನಲ್ಲಿ. ಮೊದಲ ಚರಣದಲ್ಲಿ ತನಗೀಗ ಕಣ್ಣು ಕಾಣುತ್ತದೆ ಎಂದು ಹಾಡಿದವನಿಗೆ ತನ್ನ ಹಡಗಿನಲ್ಲಿದ್ದ ಮನುಷ್ಯರ ಬಗ್ಗೆ ಬಹಿರಂಗವಾಗಿ ಬಾಯಿ ಬಿಡಲು ಇನ್ನೂ 15 ವರ್ಷ ಬೇಕಾಯಿತು. ಕಣ್ಣು ಬಂದ ಮಾತ್ರಕ್ಕೆ ಎಲ್ಲ ಕಂಡುಬಿಡುವುದಿಲ್ಲ. ಹಡಗಿನ ಕಥೆಯಿಂದ ಬರಿಸಿದ ಕಣ್ಣೀರಿಗಿಂತ ಈ ಮಾತು ಸಭೆಯನ್ನು ಹೆಚ್ಚು ಕದಲಿಸಿತು ಎಂದು ನನಗನ್ನಿಸಿತು. ಹಿರಿಯರೊಬ್ಬರಿಗೆ ಅದು ಇಷ್ಟವಾಗಲಿಲ್ಲ, ಅದನ್ನು ಮುಖಕ್ಕೇ ಹೇಳಿದರು.

ಹೆಚ್ಚು ಹೊತ್ತು ನಿಂತದ್ದು ನಾಲ್ಕು ಮತ್ತು ಐದನೆಯ ಚರಣಗಳ ನಡುವಿನ ಸಂದಿಯಲ್ಲಿ. ನಾಲ್ಕನೆಯ ಚರಣ ದೇವರನ್ನು ಗುರಾಣಿ ಎಂದೂ ಪಾಲು ಎಂದೂ ಕರೆದು, ಜೀವ ಇರುವಷ್ಟು ದಿನ ಹಾಗಿರುವನು ಎಂದು ಮುಗಿಯುತ್ತದೆ. ಆಗ ಕೇಳುಗರಿಗೆ ಒಂದು ಪ್ರಶ್ನೆ ಏಳಲೇಬೇಕು: ಜೀವ ಹೋದ ಮೇಲೆ? ಐದನೆಯ ಚರಣ ಅದೇ ಪ್ರಶ್ನೆಯಿಂದ ಹೊರಡುತ್ತದೆ. ಶರೀರವೂ ಹೃದಯವೂ ಸೋತು ಬಾಳು ಮುಗಿದಾಗ, ತೆರೆಯ ಆಚೆಗೆ ಇನ್ನೊಂದು ಜೀವವಿದೆ ಎನ್ನುತ್ತದೆ. ತೆರೆ ಎಂದರೆ ದೇವಾಲಯದ ಅತಿಪರಿಶುದ್ಧ ಸ್ಥಳವನ್ನು ಮರೆಮಾಡಿದ್ದ ತೆರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ನಿರೀಕ್ಷೆಯ ಲಂಗರನ್ನು ಆ ತೆರೆಯ ಒಳಗೆ ಇಳಿಬಿಡುತ್ತದೆ.

ಈ ಎರಡು ಚರಣಗಳ ಬುಡದಲ್ಲಿ ಒಂದೇ ವಚನವಿದೆ. ಅದು 73ನೆಯ ಕೀರ್ತನೆಯ 26ನೆಯದು. ಅಲ್ಲಿ ಮೊದಲು ಶರೀರ ಮತ್ತು ಹೃದಯದ ಸೋಲು ಬರುತ್ತದೆ, ಆಮೇಲೆ ದೇವರು ಸದಾಕಾಲದ ಪಾಲು ಎಂಬ ಮಾತು. ನ್ಯೂಟನ್ ಆ ವಚನವನ್ನು ಎರಡಾಗಿ ಸೀಳಿ, ಕ್ರಮ ತಿರುವಿ ಹಾಕಿದ್ದಾನೆ. ಪಾಲು ಮೊದಲು, ಸೋಲು ಆಮೇಲೆ. ಹೀಗಾಗಿ ಕೀರ್ತನೆಯಲ್ಲಿ ಒಂದೇ ಉಸಿರಿನಲ್ಲಿ ಬರುವ ಸಮಾಧಾನಕ್ಕೆ ಹಾಡಿನಲ್ಲಿ ಕಾಯಬೇಕಾಗುತ್ತದೆ. ಸದಾಕಾಲ ಎಂಬ ಅರ್ಥದ ಮಾತು ನಾಲ್ಕರಲ್ಲೂ ಇಲ್ಲ, ಐದರಲ್ಲೂ ಇಲ್ಲ. ಅದು ಬರುವುದು ಆರನೆಯ ಚರಣದ ಕೊನೆಯ ಸಾಲಿನಲ್ಲಿ, ಭೂಮಿ ಕರಗಿ ಸೂರ್ಯ ನಿಂತ ಮೇಲೆ. ಎಲ್ಲವನ್ನೂ ಕಳಚಿಟ್ಟ ನಂತರ ಉಳಿದ ಒಬ್ಬನ ಬಗ್ಗೆ ಆ ಪದವನ್ನು ನ್ಯೂಟನ್ ಬಳಸುತ್ತಾನೆ. ನಮ್ಮ ಪ್ರೊಜೆಕ್ಟರಿನಲ್ಲಿ ಇಲ್ಲದೆ ಹೋಗಿದ್ದದ್ದು ಈ ಚರಣಗಳೇ. ಅವನ್ನು ಬಿಟ್ಟು ಹಾಡುವ ಸಭೆ ದಾವೀದನ 17ನೆಯ ವಚನವನ್ನು ಬಹುಮಟ್ಟಿಗೆ ಕತ್ತರಿಸಿ ಹಾಡುತ್ತದೆ.

ಆರನೆಯ ಚರಣದ ಕೊನೆಯ ಜೋಡಿ ಹೇಳುವುದು, ಇಲ್ಲಿ ಕೆಳಗೆ ಇದ್ದಾಗ ಕರೆದ ದೇವರು ಎಂದೆಂದಿಗೂ ನನ್ನವನು ಎಂದು. ಪ್ರಸಂಗದಲ್ಲಿ ಆ ಸಾಲಿನ ಪಕ್ಕಕ್ಕೆ ನಾನು ವಿಲಿಯಂ ಕೂಪರ್‌ನನ್ನು ನಿಲ್ಲಿಸಿದೆ. ಈ ಹಾಡು ಹುಟ್ಟಿದ ಅದೇ 1773ರ ಜನವರಿಯಲ್ಲಿ, ಅದೇ ಓಲ್ನಿಯಲ್ಲಿ, ಕೂಪರ್‌ನ ಮನಸ್ಸು ಮತ್ತೆ ಮುರಿದುಬಿತ್ತು. ದೇವರು ತನ್ನನ್ನು ಶಾಶ್ವತವಾಗಿ ತಳ್ಳಿಬಿಟ್ಟಿದ್ದಾನೆ ಎಂಬ ನಂಬಿಕೆ ಅವನನ್ನು ಹಿಡಿಯಿತು. ಅವನು ಮತ್ತೆ ಆರಾಧನೆಗೆ ಬರಲಿಲ್ಲ. ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ನೋಡಿಕೊಂಡ. ಹಾಡಿನ ಪುಸ್ತಕ ತಡವಾಗಿ 1779ಕ್ಕೆ ಬರಲು ಈ ಕಾಯಿಲೆಯೂ ಒಂದು ಕಾರಣ. ‘ನನ್ನವನು’ ಎಂದು ಹಾಡಲಾರದವನೊಬ್ಬ ಈ ಹಾಡು ಬರೆದವನ ಮನೆಯಲ್ಲೇ ಇದ್ದ. ನಮ್ಮ ಬೆಂಚುಗಳಲ್ಲೂ ಅಂಥವರು ಕೂತಿರುತ್ತಾರೆ. ಅವರಿಗೆ ಹೇಳಬಹುದಾದದ್ದು ವ್ಯಾಕರಣದಲ್ಲೇ ಇತ್ತು. ಆ ಜೋಡಿಯ ಕರ್ತೃಪದ ದೇವರು, ನಾನಲ್ಲ. ಕರೆದವನು ಅವನು. ನಾನು ಹಿಡಿದುಕೊಂಡಿದ್ದೇನೆ ಎಂದು ಹಾಡು ಎಲ್ಲೂ ಹೇಳುವುದಿಲ್ಲ. ಇಷ್ಟು ಹೇಳಿ ಕೂತೆ. ಹನ್ನೆರಡಕ್ಕೆ ಇನ್ನೂ ಸಮಯವಿತ್ತು.

ಈ ಹಾಡು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಒಪ್ಪಬೇಕು. ನ್ಯೂಟನ್ನನ ಆರು ಚರಣಗಳಲ್ಲಿ ಯೇಸುವಿನ ಹೆಸರಿಲ್ಲ, ಶಿಲುಬೆ ಇಲ್ಲ. ದೇವರನ್ನು ‘ನೀನು’ ಎಂದು ನೇರವಾಗಿ ಕರೆಯುವುದೂ ಇಲ್ಲ. ಅದು ಪ್ರಾರ್ಥನೆಯಲ್ಲ, ಸಾಕ್ಷಿ. ನೆರೆಯವನ ಬಗ್ಗೆ ಒಂದು ಮಾತೂ ಇಲ್ಲ, ಅದು ಬರೆದವನ ಚರಿತ್ರೆಯನ್ನು ಬಲ್ಲವರಿಗೆ ಚುಚ್ಚುವ ಕೊರತೆ. ಇವನ್ನೆಲ್ಲ ಹಾಡಿನೊಳಗೆ ತುರುಕಲು ನಾನು ಹಿಂದೆ ಮಾಡುತ್ತಿದ್ದ ಪ್ರಯತ್ನಗಳನ್ನು ಈಗ ಬಿಟ್ಟಿದ್ದೇನೆ. ಹಾಡಿನಲ್ಲಿ ಇಲ್ಲದ್ದನ್ನು ಅಂದಿನ ವಾಕ್ಯಪಾಠಕ್ಕೆ, ಇಲ್ಲವೇ ಇನ್ನೊಂದು ಹಾಡಿಗೆ ಬಿಡುವುದು ಮೇಲು. ನಾನು ಆ ರಾತ್ರಿ ಲೂಕನ ಸುವಾರ್ತೆಯನ್ನೂ ಓದಿಸಿದೆ.

ಪ್ರಸಂಗ ಮಾಡುವ ಸಹೋದ್ಯೋಗಿಗಳಲ್ಲಿ, ಭಾನುವಾರಗಳಲ್ಲಿ ಪೀಠ ಹತ್ತುವ ಸಭೆಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಬರುವ ಡಿಸೆಂಬರ್ 31ಕ್ಕೆ ಈ ಹಾಡನ್ನು ಆರಿಸುವುದಾದರೆ ಪ್ರೊಜೆಕ್ಟರಿನವನಿಗೆ ನ್ಯೂಟನ್ನನ ಆರೂ ಚರಣಗಳನ್ನು ಮುಂಚಿತವಾಗಿ ಕೊಡಿ. ‘ನಾವು’ ಎಂಬ ಚರಣವನ್ನು ಹಾಡಲೇಬೇಕೆಂದು ಜನ ಕೇಳಿದರೆ ಹಾಡಲಿ, ಆದರೆ ಅದು ಬೇರೆಯವರದೆಂದು ಒಂದು ಮಾತು ಹೇಳಿ. ಮತ್ತು ಪ್ರಸಂಗವನ್ನು ಹನ್ನೆರಡನೆಯ ಸಾಲಿನಿಂದ ಶುರುಮಾಡಿ. ಹಿಂದಿನ ಹನ್ನೊಂದು ಸಾಲುಗಳು ಸಭೆಗೆ ಬಾಯಿಪಾಠವಿವೆ.